ನಾಲ್ಕರಲ್ಲಿ ಒಂದು ಬ್ಯಾಟರಿ

ಗಂಗಲಕ್ಷ್ಮಮ್ಮ ಹೋಗಿ ಮೂರು ತಿಂಗಳಾಯಿತು. ಜ್ವರ ಎಂದು ರಜೆ ಹಾಕಿದವಳು ಹನ್ನೊಂದು ದಿನಗಳಲ್ಲಿ ಇಲ್ಲವಾದಳು. ಒಂಬತ್ತು ವರ್ಷ ನಾವಿಬ್ಬರೂ ಕೆ.ಆರ್. ಪುರದ ಒಂದೇ ಔಷಧಿ ಗೋದಾಮಿನಲ್ಲಿ ಪಕ್ಕಪಕ್ಕದ ಮೇಜಿನಲ್ಲಿದ್ದೆವು. ಅವಳ ಬಗ್ಗೆ ಬರೆಯಲು ಕುಳಿತರೆ ಮೊದಲು ನೆನಪಾಗುವುದು ಅವಳ ಬ್ಯಾಟರಿ ಸ್ಕೂಟರ್.

ಮರ್ಫಿ ಟೌನಿನಿಂದ ಗೋದಾಮಿಗೆ ಹತ್ತು ಕಿಲೋಮೀಟರ್. ಮೊದಲೆಲ್ಲ ತಮ್ಮ ಭೀಮೇಶನ ಬೈಕಿನ ಹಿಂದಿನ ಸೀಟೇ ಅವಳಿಗೆ ಗತಿ. ಅವನು ಎದ್ದರೆ ಕೆಲಸ, ಮುನಿಸಿಕೊಂಡರೆ ಬಸ್ಸು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವಾಗ ಎರಡು ಸಲ ಕಾಲು ಊರಿ ಫೇಲಾಗಿದ್ದಳು. 2007ರಲ್ಲಿ ಇಪ್ಪತ್ತೈದರ ವೇಗ ಮೀರದ, ಲೈಸೆನ್ಸ್ ಬೇಡದ ಬ್ಯಾಟರಿ ಸ್ಕೂಟರುಗಳು ಬಂದಾಗ ಯಾರನ್ನೂ ಕೇಳದೆ ಒಂದನ್ನು ಕೊಂಡಳು.

"ಸೈಕಲ್ನೋರೂ ಓವರ್‌ಟೇಕ್ ಮಾಡ್ತಾರಲ್ಲಕ್ಕ," ಎಂದು ಭೀಮೇಶ ನಕ್ಕ.

"ಮಾಡ್ಲಿ. ನಿನ್ನ ಕೇಳಿ ಹೊರಡಬೇಕಾಗಿಲ್ವಲ್ಲ."

ಒಂದೂವರೆ ವರ್ಷ ಸ್ಕೂಟರ್ ಚೆನ್ನಾಗಿ ಓಡಿತು. 2009ರ ಏಪ್ರಿಲ್‌ನಲ್ಲಿ ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ನಲವತ್ತು ಕಿಲೋಮೀಟರ್ ಬರುತ್ತಿದ್ದ ಚಾರ್ಜು ಎಂಟಕ್ಕೇ ಮುಗಿಯಿತು. ಅಂದು ಹಿಂದೆ ಕುಳಿತಿದ್ದ ನಾನೂ ಅವಳೂ ಲಾರಿಗಳ ಹಾರ್ನ್ ಕೇಳುತ್ತಾ ಅದನ್ನು ತಳ್ಳಿದೆವು. ಕೊಂಡ ಅಂಗಡಿಯವರು ನಾಲ್ಕೂ ಬ್ಯಾಟರಿ ಬದಲಿಸಬೇಕು, ಒಂಬತ್ತು ಸಾವಿರ ಎಂದರು.

ಭೀಮೇಶ ಕಾಯುತ್ತಿದ್ದವನಂತೆ ಲೆಕ್ಕ ಹಾಕಿದ. "ದಿನಕ್ಕೆ ಇಪ್ಪತ್ತು ಕಿಲೋಮೀಟರ್, ಅರ್ಧ ಲೀಟರ್ ಪೆಟ್ರೋಲು. ತಿಂಗಳಿಗೆ ಆರುನೂರು ಆಗುತ್ತೆ ಅಷ್ಟೇ. ಕರೆಂಟ್ ಸಸ್ತಾ ಅಂತ ಕುಣಿದೆಯಲ್ಲ, ಈ ಒಂಬತ್ತು ಸಾವಿರ ಎಲ್ಲಿ ಸೇರಿಸ್ತೀಯಾ? ಭಾನುವಾರ ಗಿರಾಕಿ ಕರ್ಕೊಂಡ್ ಬರ್ತೀನಿ, ಮಾರ್ಬಿಡು. ಮೊದಲಿನ ಥರ ನಾನೇ ಬಿಡ್ತೀನಿ."

ಲೆಕ್ಕ ತಪ್ಪಿರಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು. ಕರೆಂಟಿಗೆ ತಿಂಗಳಿಗೆ ನೂರೈವತ್ತು ರೂಪಾಯಿ ದಾಟದಿದ್ದರೂ ಬ್ಯಾಟರಿಯ ಸವಕಳಿಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಶನಿವಾರ ಟೆಂಪೋದಲ್ಲಿ ಸ್ಕೂಟರ್ ಹಾಕಿಸಿಕೊಂಡು ಶಿವಾಜಿನಗರದ ಅಸ್ಗರ್ ಬಳಿಗೆ ಹೋದೆವು. ಮೂವತ್ತು ವರ್ಷ ಪೆಟ್ರೋಲ್ ಗಾಡಿಗಳನ್ನೇ ಬಿಚ್ಚಿದ ಮೆಕ್ಯಾನಿಕ್.

"ಇದರಲ್ಲಿ ಇಂಜಿನ್ನೇ ಇಲ್ವಲ್ಲಮ್ಮಾ, ನಾನೇನ್ ಮಾಡ್ಲಿ?" ಎನ್ನುತ್ತಲೇ ಸೀಟಿನ ಕೆಳಗೆ ಕೈ ಹಾಕಿದ. ಸಾಲಾಗಿ ಜೋಡಿಸಿದ್ದ ನಾಲ್ಕು ಬ್ಯಾಟರಿಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಹಳೆಯ ಹೆಡ್‌ಲೈಟ್ ಬಲ್ಬು ಹಚ್ಚಿ, ಮೀಟರ್ ಹಿಡಿದು ಕುಳಿತ. ಮೂರು ಬ್ಯಾಟರಿಗಳು ಹನ್ನೆರಡು ವೋಲ್ಟ್ ಬಿಟ್ಟು ಇಳಿಯಲಿಲ್ಲ. ಒಂದರದು ಮಾತ್ರ ಐದೇ ನಿಮಿಷದಲ್ಲಿ ಹತ್ತಕ್ಕೆ ಇಳಿದು ಬಲ್ಬು ಕೆಂಪಾಯಿತು.

"ಇದೊಂದೇ ಕಳ್ಳ. ಇವನು ಬಿದ್ರೆ ಮೂರೂ ನಿಲ್ತವೆ." ಅಸ್ಗರ್ ಅದರ ತಲೆಯ ಮೇಲಿನ ಗೀರುಗಳನ್ನು ಬೆರಳಿನಿಂದ ಮುಟ್ಟಿದ. "ಕ್ಲಿಪ್ ಹಾಕಿದ್ದು ಯಾರು?"

ಗಂಗಲಕ್ಷ್ಮಮ್ಮ ತಲೆ ತಗ್ಗಿಸಿದಳು. ಭೀಮೇಶನ ಮಗಳು ಪೂಜಿತಾಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ದಿನವೂ ಸಂಜೆ ಕರೆಂಟ್ ಹೋಗುತ್ತಿತ್ತು. ಕೈಗೆ ಹತ್ತಿರದ ಒಂದು ಬ್ಯಾಟರಿಗೆ ತಂತಿ ಸಿಕ್ಕಿಸಿ ಎರಡು ತಿಂಗಳು ದೀಪ ಉರಿಸಿದ್ದಳು.

"ನಾಲ್ಕಕ್ಕೂ ಚಾರ್ಜರ್ ಒಂದೇ ಅಲ್ವಾ. ಮೂರು ತುಂಬಿದ್ರೆ ಎಲ್ಲ ತುಂಬ್ತು ಅಂತ ಅದು ನಿಲ್ಲುತ್ತೆ. ಇವನು ದಿನಾ ಅರೆಹೊಟ್ಟೆ," ಎಂದ ಅಸ್ಗರ್. "ಹೊಸದು ಹಾಕಿದ್ರೂ ಹಳೇವ್ರ ಜೊತೆ ಸೇರಲ್ಲ. ಇಷ್ಟೇ ಓಡಿರೋದು ಹುಡುಕ್ತೀನಿ."

ಅಪಘಾತದಲ್ಲಿ ಮುರಿದ ಅದೇ ಮಾದರಿಯ ಸ್ಕೂಟರಿನಿಂದ ಒಂದು ಸಿಕ್ಕಿತು. ಎಂಟುನೂರು ರೂಪಾಯಿ. ನಾಲ್ಕನ್ನೂ ಬೇರೆಬೇರೆಯಾಗಿ ತುಂಬಿಸಿ ಭಾನುವಾರ ಬೆಳಿಗ್ಗೆ ಜೋಡಿಸಿಕೊಟ್ಟ.

ಗಿರಾಕಿಯೊಂದಿಗೆ ಭೀಮೇಶ ಬಂದ. ಗಂಗಲಕ್ಷ್ಮಮ್ಮ ಮನೆ ಮುಂದೆ ಸ್ಕೂಟರಿನ ಮೇಲೆ ಕುಳಿತೇ ಇದ್ದಳು.

"ಬನ್ನಿ, ತೂಗುಸೇತುವೆ ಹತ್ತಿಸಿ ತೋರಿಸ್ತೀನಿ. ಮಾರಲ್ಲ, ತೋರಿಸ್ತೀನಿ ಅಷ್ಟೇ."

"ಒಂಬತ್ತು ಸಾವಿರದ ಖರ್ಚು ಇವತ್ತಲ್ದಿದ್ರೆ ನಾಳೆ ಬರುತ್ತಕ್ಕ!"

"ಬರುತ್ತೆ. ತಿಂಗಳಿಗೆ ನಾನೂರೈವತ್ತು ಎತ್ತಿಡ್ತೀನಿ. ಕರೆಂಟ್ ಸೇರಿ ನಿನ್ನ ಆರುನೂರಕ್ಕೇ ಬಂತು. ಆಯಿಲ್ಲು, ಪ್ಲಗ್ಗು, ಸರ್ವೀಸು ನಿನ್ನ ಕಡೆ ಹಾಕೋ. ಸರಿಸಮ ಆದ್ರೂ ನನ್ನ ಗಾಡಿಯಲ್ಲೇ ಹೋಗ್ತೀನಿ. ಬ್ಯಾಟರಿ ಕೆಟ್ಟಿದ್ದು ಯಾಕೆ ಅಂತ ಪೂಜಿತನ್ನ ಕೇಳು."

ಭೀಮೇಶ ಗಿರಾಕಿಯನ್ನು ಕೂರಿಸಿಕೊಂಡು ಹಿಂದೆ ಬೈಕಿನಲ್ಲಿ ಬಂದ. ಅವಳು ಏರನ್ನು ಹತ್ತಿದಳು, ನಿಧಾನವಾಗಿ, ಎಲ್ಲರಿಂದಲೂ ಹಿಂದೆ ಹಾಕಿಸಿಕೊಳ್ಳುತ್ತಾ. ಆಚೆ ಬದಿಗೆ ಇಳಿದು ಗೋದಾಮಿನ ಗೇಟಿನ ತನಕ ಹೋಗಿ ತಿರುಗಿಸಿಕೊಂಡು ಬಂದಳು. ಮುಂದಿನ ಮಾರ್ಚ್‌ನಲ್ಲಿ ಎತ್ತಿಟ್ಟ ದುಡ್ಡಿಗೆ ಸಂಬಳದ ಒಂದಿಷ್ಟು ಸೇರಿಸಿ ನಾಲ್ಕೂ ಹೊಸದನ್ನು ಹಾಕಿಸಿದಳು.

ಅವಳು ಹೋದ ಮೇಲೆ ಭೀಮೇಶ ಸ್ಕೂಟರನ್ನು ಮಾರುವ ಮಾತೆತ್ತಲಿಲ್ಲ. ಮೊನ್ನೆ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟ.

"ಸುಮ್ನೆ ನಿಂತ್ರೆ ಬ್ಯಾಟರಿ ಸಾಯುತ್ತಂತೆ ಜಯಕ್ಕ."

ಸಾಯುತ್ತದೆ. ಅದಕ್ಕೇ ಈಗ ದಿನವೂ ನಾನು ಓಡಿಸುತ್ತೇನೆ. ನನಗೂ ಲೈಸೆನ್ಸ್ ಇಲ್ಲ. ಸೈಕಲ್ಲಿನವರು ಹಿಂದೆ ಹಾಕುತ್ತಾರೆ. ಹಾಕಲಿ.