ಸೆಕೆಗೆ ಕೂಲರ್

ವ್ಯಾಪಾರಿ ಕಡಿಮೆ ಮಾತಾಡಲು ಹೇಳಿದರೆ ನನಗೆ ಅನುಮಾನ ಬರುತ್ತದೆ. ತೊಂಬತ್ತರ ದಶಕದಲ್ಲಿ ಕತಾರಿನ ದೋಹಾದ ಮನ್ಸೂರಾ ಬಡಾವಣೆಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದೆ. ಒಂದು ವರ್ಷ ಮೇ ಕೊನೆಯಲ್ಲಿ ಮಲಯಾಳಿ ಮ್ಯಾನೇಜರ್ ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಕೊಟ್ಟರು. ಬೇಸಿಗೆ ಸೇಲಿನಲ್ಲಿ ಕೂಲರ್, ಫ್ಯಾನ್ ತೋರಿಸುವಾಗ ಗಿರಾಕಿಗಳಿಗೆ ಏನು ಹೇಳಬೇಕು ಎಂಬುದು ಅದರಲ್ಲಿತ್ತು. ಶುಕ್ರವಾರ ಸಂಜೆ ಬರುವ ನಮ್ಮ ಊರಿನವರಿಗಾಗಿ ನಾನು ಅದನ್ನು ಕನ್ನಡಕ್ಕೆ ತರಬೇಕಿತ್ತು.

"ಎಸಿ ಹಾಗೆ ಅಂತ ಹೇಳಬಾರದು. ಇರೋದನ್ನ ಹೇಳಿದ್ರೆ ಸಾಕು," ಎಂದರು ಹಿಂದಿಯಲ್ಲಿ.

ಸೇಲು ಜುಲೈ ನಡುವೆಯೇ ಖಲಾಸ್ ಅಂತೆ. ಬೇಸಿಗೆ ಸೆಪ್ಟೆಂಬರಿನವರೆಗೂ ಇರುವ ಊರಿನಲ್ಲಿ ಯಾಕಿಷ್ಟು ಅವಸರ? ಹಳೆಯ ಮಾಲನ್ನು ದಾಟಿಸುವ ಉಪಾಯ ಎಂದು ನನ್ನ ತಲೆಗೆ ಹೊಳೆಯಿತು. ಅವರು ಊಟಕ್ಕೆ ಹೋದಾಗ ಒಂದು ಕೂಲರಿನ ಹಿಂಬದಿ ಬಿಚ್ಚಿ ಪಂಪು, ಮೋಟರು, ಹುಲ್ಲಿನ ಪ್ಯಾಡು ಎಲ್ಲ ನೋಡಿದೆ. ಎಲ್ಲ ಹೊಸತೇ ಆಗಿತ್ತು. ಆದರೂ ನನ್ನ ಅನುಮಾನ ಹೋಗಲಿಲ್ಲ.

ಕನ್ನಡದ ಹಾಳೆಯನ್ನು ಮಾತ್ರ ಜೀವ ತುಂಬಿ ಬರೆದೆ. "ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದಲ್ಲ? ಬಾಗಿಲ ಹಿಡಿ ಮುಟ್ಟಲಿಕ್ಕೆ ಆಗುವುದಿಲ್ಲವಲ್ಲ? ಇದು ಎಸಿ ಅಲ್ಲ. ಕಿಟಕಿ ತೆರೆದಿಡಬೇಕು, ನೀರು ಹಾಕುತ್ತಾ ಇರಬೇಕು. ಆಗ ಸೆಕೆ ಕಡಿಮೆಯಾಗುತ್ತದೆ." ಒಂದು ಸುಳ್ಳೂ ಇಲ್ಲ ಎಂದು ಒಳಗೊಳಗೇ ಉಬ್ಬಿದೆ.

ಕನ್ನಡ ಓದಲು ಬಾರದ ಮ್ಯಾನೇಜರ್ ಹಾಳೆ ಹಿಡಿದು ಕೇಳಿದರು, "ಡ್ರೈ ಹೀಟ್ ಅಂತ ಬರೆದಿದ್ದೆನಲ್ಲ, ಆ ಡ್ರೈ ಬಂದಿದೆಯಾ?"

ನನ್ನನ್ನೇ ನಂಬುವುದಿಲ್ಲವಲ್ಲ ಈ ಮನುಷ್ಯ ಎಂದು ಪಿತ್ತ ನೆತ್ತಿಗೇರಿತು. "ಬಂದಿದೆ," ಎಂದೆ.

ಬಂದಿರಲಿಲ್ಲ. ಕರಾವಳಿಯವರಾದ ನಮಗೆ ಬಿಸಿ ಎಂದರೆ ಸೆಕೆ, ಅದಕ್ಕಿಂತ ಹೆಚ್ಚು ಬಿಸಿ ಎಂದರೆ ಇನ್ನೂ ಸೆಕೆ. ಅದರಲ್ಲಿ ಒಣಗಿದ್ದು, ಒದ್ದೆಯಾದದ್ದು ಎಂದು ಯಾರು ವಿಂಗಡಿಸುತ್ತಾರೆ?

ಮೊದಲ ಶುಕ್ರವಾರವೇ ಕೂಲರ್ ಒಯ್ದವರು ಹಿಂದಿನ ಗಲ್ಲಿಯ ಇಸ್ತ್ರಿ ಅಂಗಡಿಯ, ನಮ್ಮ ಊರ ಕಡೆಯ ಬ್ಯಾರಿ ಕಾಕ. ಅವರದು ಎಸಿ ಇಲ್ಲದ ಚಿಕ್ಕ ಅಂಗಡಿ. ದಿನವಿಡೀ ಅರಬರ ಬಿಳಿ ನಿಲುವಂಗಿಗಳಾದ ತೋಬುಗಳಿಗೆ ಇಸ್ತ್ರಿ ಹಾಕುವಾಗ ಹಣೆಯ ಬೆವರು ಬಟ್ಟೆಗೆ ಬಿದ್ದರೆ ಕಲೆ. ಒಂದೇ ಮನೆಯಿಂದ ಅಂಥ ಎರಡು ತೋಬು ಆಗಲೇ ವಾಪಸ್ ಬಂದಿದ್ದವು. ಮೂರನೆಯದು ಬಂದರೆ ಆ ಮನೆಯ ಬಟ್ಟೆಯೇ ನಿಂತುಹೋಗುತ್ತದೆ ಎಂಬ ಹೆದರಿಕೆ ಅವರಿಗೆ.

"ಸೆಕೆಗೆ ಆಗ್ತದಲ್ವಾ ಮಾರಾಯ್ರೆ? ನೀವು ನಮ್ಮ ಊರಿನವರು ಅಂತ ಕೇಳುದು."

"ಆಗ್ತದೆ ಕಾಕ. ಸುಳ್ಳು ಹೇಳುದಿಲ್ಲ," ಎಂದೆ.

ಜೂನ್ ಪೂರ್ತಿ ಮರುಭೂಮಿಯ ಒಣಗಾಳಿ ಬೀಸಿತು, ಕೂಲರ್ ತಂಪು ಕೊಟ್ಟಿತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಕಾಕ ಎದೆಯ ಮೇಲೆ ಕೈಯಿಟ್ಟು ನಗುತ್ತಿದ್ದರು. ಆಗಸ್ಟಿನಲ್ಲಿ ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸತೊಡಗಿತು. ಎಸಿ ಇದ್ದ ನಮ್ಮ ಅಂಗಡಿಯ ಗಾಜು ಹೊರಗಿನಿಂದ ಬೆವರತೊಡಗಿತು. ಒಂದು ಸಂಜೆ ಕಾಕ ಒಂದು ತೋಬನ್ನು ತಂದು ಕೌಂಟರಿನ ಮೇಲೆ ಹಾಸಿದರು. ಇಸ್ತ್ರಿ ಹಾಕಿದ್ದರೂ ತಣ್ಣಗೆ, ಮೆತ್ತಗೆ, ಮುಗ್ಗಲು ವಾಸನೆ.

"ಕೂಲರ್ ಇಟ್ರೆ ಅಂಗಡಿ ಇಡೀ ಒದ್ದೆ. ಬೆವರು ಆರುದೇ ಇಲ್ಲ. ಇದು ಆ ಮನೆಯ ತೋಬು, ವಾಪಸ್ ಬಂತು. ಸೆಕೆಗೆ ಅಂತ ಹೇಳಿದ್ದು ನೀವೇ ಅಲ್ವಾ?"

ಮ್ಯಾನೇಜರ್ ಎದ್ದು ಬಂದು ತೋಬನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಒಣಗಾಳಿ ನೀರನ್ನು ಕುಡಿದು ತಣ್ಣಗಾಗುತ್ತದೆ. ಈಗ ಗಾಳಿಯಲ್ಲೇ ನೀರು ತುಂಬಿದೆ. ಅದಕ್ಕೇ ಜುಲೈಗೆ ಸೇಲ್ ನಿಲ್ಲಿಸಿದ್ದು. ನೀನು ಡ್ರೈ ಬರೆದಿದ್ದೀಯಲ್ಲ?"

ಎರಡು ತಿಂಗಳು ಅವರ ಕೂಲರಿನಲ್ಲಿ ಮೋಸ ಹುಡುಕಿದ್ದೆ. ಅದು ನನ್ನ ಹಾಳೆಯಲ್ಲಿತ್ತು. ಬರೆದಿಲ್ಲ, ತಪ್ಪು ನನ್ನದೇ ಎಂದು ಇಬ್ಬರ ಎದುರಿಗೂ ಹೇಳಿದೆ.

ಮ್ಯಾನೇಜರ್ ಕೂಲರ್ ವಾಪಸ್ ತೆಗೆದುಕೊಂಡು ಬದಲಿಗೆ ಪೆಡೆಸ್ಟಲ್ ಫ್ಯಾನ್ ಕೊಡಲು ಹೇಳಿದರು. ನಾನೇ ಅದನ್ನು ಜೋಡಿಸಿ, ಗಾಳಿ ಕಾಕನ ಮುಖಕ್ಕೆ ತಾಗುವಂತೆ ತಿರುಗಿಸಿದೆ.

"ಕಾಕ, ಇದರಿಂದ ಸೆಕೆ ಹೋಗುದಿಲ್ಲ. ಮೈಗೆ ಗಾಳಿ ತಾಗಿದ್ರೆ ಬೆವರು ಸ್ವಲ್ಪ ಬೇಗ ಆರ್ತದೆ, ಅಷ್ಟೇ. ಹಣೆ ಒರಸ್ಲಿಕ್ಕೆ ಟವೆಲ್ ಬೇಕೇ ಬೇಕು."

ಇಷ್ಟು ನೆಟ್ಟಗೆ ನಾನು ಯಾವ ಗಿರಾಕಿಗೂ ಹೇಳಿರಲಿಲ್ಲ. ಕಾಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಮತ್ತೆ ನನ್ನನ್ನು ದಾಟಿ ಮ್ಯಾನೇಜರ್ ಕಡೆ ತಿರುಗಿ, ನಮ್ಮ ಕನ್ನಡ ಬಿಟ್ಟು, ಮ್ಯಾನೇಜರರ ಮಲಯಾಳದಲ್ಲಿ ಕೇಳಿದರು, ಫ್ಯಾನಿನ ಗಾಳಿಗೆ ಬೆವರು ಆರುತ್ತದೆ ಅಂತ ಇವನು ಹೇಳಿದ್ದು ನಿಜವಾ ಎಂದು.

ಮ್ಯಾನೇಜರ್ ಹೌದೆಂದ ಮೇಲೆಯೇ ಕಾಕ ಫ್ಯಾನ್ ಎತ್ತಿಕೊಂಡದ್ದು.