ಫಾಲ್ ಹಚ್ಚದ ಸೀರೆ

ಆಯೇರಿ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಮದುವೆ, ಬಸುರಿಯ ಕುಬಸ, ಮನೆ ತುಂಬುವುದು, ಕಾರ್ಯ ಏನೇ ಇರಲಿ, ನಮ್ಮ ಕಡೆ ನೆಂಟರು ಬಟ್ಟೆ ಕೊಡಲೇಬೇಕು. ಕೊಟ್ಟದ್ದನ್ನು ಉಡುವವರು ಎಷ್ಟು ಮಂದಿ? ಟ್ರಂಕಿಗೆ ಹಾಕುತ್ತಾರೆ, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ದಾಟಿಸಿ ಕೈ ತೊಳೆದುಕೊಳ್ಳುತ್ತಾರೆ.

ಅವ್ವ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಟೇಲರಿಗೆ ಸೀರೆಯ ಫಾಲ್ ಹಚ್ಚಿ, ಜಂಪರಿಗೆ ಹುಕ್ಕು ಹೊಲಿದು ಕೊಡುತ್ತಿದ್ದಳು. ತೊಂಬತ್ತರ ದಶಕದ ಆರಂಭದಲ್ಲಿ ಕೊಟ್ಟೂರಿನಲ್ಲಿದ್ದ ಅವಳ ಒಬ್ಬನೇ ತಮ್ಮನ ಮದುವೆ ಬಂತು. ವರ್ಷವಿಡೀ ದುಡಿದದ್ದರಲ್ಲಿ ಮದುಮಗಳಿಗೆಂದು ಮೆರೂನ್ ಬಣ್ಣದ ರೇಷ್ಮೆ ಸೀರೆ ತಂದಳು. ಸೆರಗಿನ ಅಂಚು ಒಂದು ಕಡೆ ಹರಿದದ್ದು ಮನೆಗೆ ಬಂದ ಮೇಲೆ ಕಂಡಿತು. ಮೆರೂನ್ ದಾರವಿಲ್ಲದೆ ಹಸಿರು ದಾರದಲ್ಲೇ ಒಳಗಿನಿಂದ ಮೂರು ಹೊಲಿಗೆ ಹಾಕಿದಳು.

"ಫಾಲೂ ಹಚ್ಚಿಬಿಡಬೇ" ಅಂದೆ.

"ಆಯೇರಿ ಸೀರಿಗೆ ಫಾಲ್ ಹಚ್ಚಿ ಕೊಡಂಗಿಲ್ಲ. ಅಕಿಗೆ ಹೆಂಗ ಬೇಕೋ ಹಂಗ ಹಚ್ಚಿಸ್ಕೊಳ್ಳಲಿ."

ಊರಿನ ಸೀರೆಗೆಲ್ಲ ಫಾಲ್ ಹಚ್ಚುವವಳು ಅದೊಂದನ್ನು ಹಾಗೇ ಬಿಟ್ಟಳು. ಫಾಲ್ ಇಲ್ಲದ, ಜಂಪರಿನ ತುಂಡು ಕತ್ತರಿಸದ ಸೀರೆ ಎಷ್ಟು ವರ್ಷವಾದರೂ ಹೊಸದೇ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಮ್ಮನ ಹೆಂಡತಿ, ನನ್ನ ಅತ್ತೆ, ಅದನ್ನು ದಾಟಿಸಿಯಾಳು ಎಂದು ಅನಿಸಿರಲಿಲ್ಲ, ಅಷ್ಟೇ.

ಎರಡು ವರ್ಷಕ್ಕೆ ಹರಪನಹಳ್ಳಿಯಲ್ಲಿ ಅತ್ತೆಯ ಅಕ್ಕ ಹೊಸ ಮನೆ ತುಂಬಿದಳು. ಅಲ್ಲಿ ಕೊಟ್ಟೂರಿನವರ ಆಯೇರಿಯ ತಟ್ಟೆಯಲ್ಲಿ ಅದೇ ಮೆರೂನ್ ಸೀರೆ. ಅವ್ವ ಸೆರಗು ಮಗುಚಿ ಹಸಿರು ಹೊಲಿಗೆ ನೋಡಿ, "ಛಲೋ ಐತಿ" ಎಂದು ಕೈ ಬಿಟ್ಟಳು. ನನಗೆ ತಟ್ಟೆಯನ್ನೇ ಎತ್ತಿ ಒಗೆಯಬೇಕು ಅನಿಸಿತ್ತು.

ಈ ದಾಟಿಸುವುದಕ್ಕೂ ಒಂದು ಕಟ್ಟಳೆಯಿದೆ. ಮಡಿಕೆಯಲ್ಲಿ ಬಣ್ಣ ಬಿಳುಚದ ಹಾಗೆ ಆಗಾಗ ಬಿಚ್ಚಿ ಮಡಿಕೆ ಬದಲಿಸಬೇಕು. ಬೆಲೆಯ ಚೀಟಿ ಕೆರೆದು ತೆಗೆಯಬೇಕು. ಬಂದ ಕಡೆಗೇ ತಿರುಗಿ ಕೊಡಬಾರದು. ಕೊಟ್ಟೂರಿನ ಮನೆಯಲ್ಲಿ ಈ ಲೆಕ್ಕವೆಲ್ಲ ಅಜ್ಜಿಯದು, ಅವ್ವನ ಅವ್ವನದು. ಯಾವ ಸೀರೆ ಯಾರ ಕಡೆಯದು ಎಂದು ಟ್ರಂಕಿನಲ್ಲಿ ಬೇರೆ ಬೇರೆ ಗಂಟು ಕಟ್ಟಿಡುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಅತ್ತೆ ಗಂಟುಗಳನ್ನೆಲ್ಲ ಬಿಚ್ಚಿ ಒಂದೇ ರಾಶಿ ಮಾಡಿದಳು.

ಎರಡು ಸಾವಿರನೇ ಇಸವಿಯ ಈಚೆಗೆ ನನ್ನ ಮದುವೆ. ಅಷ್ಟು ವರ್ಷ ನಾಗರಪಂಚಮಿಗೆ ಅವ್ವನನ್ನು ತವರಿಗೆ ಕರೆದಾಗಲೆಲ್ಲ ಅವಳ ತಮ್ಮ ಒಂದು ಜಂಪರ್ ಪೀಸು ಕೊಟ್ಟು ಕಳಿಸಿದ್ದ. ಮಗಳ ಮದುವೆಗಾದರೂ ತವರಿನಿಂದ ತನಗೆಂದೇ ಆರಿಸಿದ ಸೀರೆ ಬರುತ್ತದೆ ಎಂದು ಅವ್ವ ಕಾದಿದ್ದಳು. ಅದನ್ನೇ ಉಟ್ಟು ಮುಹೂರ್ತದ ಅಕ್ಕಿಕಾಳಿಗೆ ನಿಲ್ಲುತ್ತೇನೆ ಎಂದು ಓಣಿಗೆಲ್ಲ ಹೇಳಿದ್ದಳು.

ಬಂದದ್ದು ಮೆರೂನ್ ಸೀರೆ.

"ನಾನ ನಿಂತು ಆರಿಸಿದ್ದು, ಅಕ್ಕಾ" ಅಂದ ಸೋದರಮಾವ. ಸುಳ್ಳ! ಆಯೇರಿ ಕೊಡುವಾಗ ಸೀರೆಯ ಮೂಲೆಗೆ ಅರಿಶಿಣ ಕುಂಕುಮ ಹಚ್ಚುತ್ತೇವೆ. ಒಗೆದರೆ ಹೊಸತನ ಹೋಗುತ್ತದೆಂದು ಯಾರೂ ಒಗೆದಿರಲಿಲ್ಲ. ಒಂದೇ ಮೂಲೆಯಲ್ಲಿ ಆರು ಕಲೆ ಎಣಿಸಿದೆ. ಮೊದಲನೆಯದು ಅವ್ವನ ಬೆರಳಿನದು. ಆಮೇಲೆ ಹರಪನಹಳ್ಳಿ. ಅಲ್ಲಿಂದ ಅತ್ತೆಯ ಅಕ್ಕನ ಹಡಗಲಿಯ ನಾದಿನಿಯ ಕುಬಸಕ್ಕೆ, ಅವಳಿಂದ ಕೂಡ್ಲಿಗಿಯ ಬೀಗರಿಗೆ, ಆ ಬೀಗರಿಂದ ತಿರುಗಿ ಅತ್ತೆಗೇ. ಈ ದಾರಿಯೆಲ್ಲ ಆಮೇಲೆ ಒಬ್ಬೊಬ್ಬರ ಬಾಯಿಂದ ತಿಳಿಯಿತು. ಆರನೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಮಾರಿಗೆ ಒಗಿಬೇ ಅದನ್ನ" ಎಂದು ಒಳಗೆ ಹೋಗಿ ಕೂಗಾಡಿದೆ. ಬಾಸಿಂಗ ಕಟ್ಟಿಕೊಂಡ ಮದುಮಗಳು ನಾನು. ಅವ್ವ ಅದನ್ನೇ ಉಟ್ಟು ಅಕ್ಕಿಕಾಳಿಗೆ ನಿಂತಳು. ಅವಳ ಮೇಲೂ ನನಗೆ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಅವ್ವ ಕತ್ತರಿ ಹಿಡಿದು ಕೂತಿದ್ದಳು. ಜಂಪರಿನ ತುಂಡನ್ನು ಪರ್ರನೆ ಬೇರೆ ಮಾಡಿದಳು. ಆಮೇಲೆ ಒತ್ತೊತ್ತಾಗಿ ಫಾಲ್ ಹೊಲಿದಳು.

"ಇನ್ನ ಇದು ಎಲ್ಲೂ ಹೋಗಂಗಿಲ್ಲ" ಅಂದಳು.

ಅಲ್ಲಿಂದ ಪ್ರತಿ ಪಂಚಮಿಗೂ ಕೊಟ್ಟೂರಿಗೆ ಅದನ್ನೇ ಉಟ್ಟು ಹೋದಳು, ಅತ್ತೆಯ ಕಣ್ಣೆದುರೇ ಕೂತು ಉಂಡಳು. ನಾಚಿಕೆಯಾಗಲಿ ಎಂದೇ ಉಡುತ್ತಾಳೆ ಎಂದು ನನಗೂ ಒಳಗೊಳಗೇ ಹಿಗ್ಗು. ಮೂರನೆಯ ವರ್ಷ ನಾನೂ ಜೊತೆಗಿದ್ದೆ. ಅತ್ತೆ ಉಂಡಿ ಬಡಿಸುತ್ತಾ ಅವ್ವನ ಸೆರಗು ಹಿಡಿದು ನೋಡಿದಳು.

"ಅಕ್ಕಾರ, ಎಲ್ಲಿ ತಗೊಂಡ್ರಿ ಈ ಸೀರಿ? ಭಾಳ ಛಂದ ಐತಿ. ನನಗ ನೋಡ್ರಿ, ಇಂಥದೊಂದು ಯಾರೂ ಕೊಡಲಿಲ್ಲ."

ಅತ್ತೆ ಕುಹಕಕ್ಕೆ ಹೇಳಲಿಲ್ಲ. ಆ ರಾಶಿಯಲ್ಲಿ ಯಾವ ಸೀರೆ ಯಾರದೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವ್ವ ಸೆರಗು ಬಿಡಿಸಿಕೊಂಡಳು.

"ನಿನಗ ಕೊಟ್ಟಿದ್ರವ್ವಾ" ಅಂದಳು. "ನೀನ ಬಿಚ್ಚಿ ನೋಡಲಿಲ್ಲ."