ಅರ್ಧ ಕೂತ ಕೇಬಲ್

ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಹೋಗಿದೆ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ನನ್ನನ್ನು ಬಸ್ಸಿನಿಂದ ಇಳಿಸಿ ಡಿಪೋದ ಕಚೇರಿಯಲ್ಲಿ ಕೂರಿಸಿದರು. ವಿಜಯಪುರದಿಂದ ತಿಕೋಟಾ ಮೇಲೆ ಅಥಣಿಗೆ ಎಷ್ಟೋ ವರ್ಷ ಬಸ್ ಓಡಿಸಿದವನು ನಾನು. ಬೇಜಾರಾಯಿತೇ ಎಂದು ಮಂದಿ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಹೋಗುತ್ತಿದ್ದೆ, ರಿಜಿಸ್ಟರ್ ಬರೆಯುತ್ತಿದ್ದೆ, ಸಂಜೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದೆ.

ತಿಕೋಟಾದ ಶಾಲೆಯಲ್ಲಿ ಪಾಠ ಹೇಳುವ ಮಗಳಿಗೆ ಅದು ಸಹಿಸಲಾಗಲಿಲ್ಲ. ಯಾರದೋ ಹಳೆಯ ಗೇಮಿಂಗ್ ಕಂಪ್ಯೂಟರನ್ನೂ ಮೇಜಿಗೆ ಬಿಗಿಯುವ ಸ್ಟೇರಿಂಗನ್ನೂ ತಂದಳು. ಲಾರಿ ಓಡಿಸುವ ಆಟ. ಪೆಡಲ್ ನನ್ನಿಂದ ಆಗದೆಂದು ವೇಗವನ್ನೂ ಬ್ರೇಕನ್ನೂ ಸ್ಟೇರಿಂಗಿನ ಗುಂಡಿಗಳಿಗೇ ಹಾಕಿಕೊಟ್ಟಳು. ದಿನಾ ಸಂಜೆ ಎರಡು ತಾಸು ಯಾವುದೋ ದೇಶದ ರಸ್ತೆಯಲ್ಲಿ ಹೋಗುತ್ತಿದ್ದೆ. ಸಂತೋಷವೆಂದಲ್ಲ, ಹೊತ್ತು ಹೋಗುತ್ತಿತ್ತು.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಕಂಪ್ಯೂಟರಿನ ಧೂಳನ್ನೂ ತೆಗೆಯೋಣ ಎನಿಸಿತು. ಬಸ್ಸಿನ ಬಾನೆಟ್ ಬಿಚ್ಚಿದವನಿಗೆ ಇದೇನು ದೊಡ್ಡದು? ಪಕ್ಕದ ತಗಡು ತೆಗೆದೆ, ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡನ್ನು ಕೇಬಲ್ ಕಿತ್ತು ಹೊರತೆಗೆದು ಬ್ರಶ್ಶಿನಿಂದ ಉಜ್ಜಿ ಮತ್ತೆ ಕೂರಿಸಿದೆ.

ಅಂದಿನಿಂದ ಆಟ ನಿಲ್ಲತೊಡಗಿತು. ಖಾಲಿ ಹೆದ್ದಾರಿಯಲ್ಲಿ ತುಸು ಎಳೆದಾಡಿದರೂ ಓಡುತ್ತಿತ್ತು. ಮಳೆ, ದಟ್ಟಣೆ, ದೀಪಗಳ ಊರು ಬಂದ ಕೂಡಲೇ ಪರದೆ ಕಪ್ಪಾಗಿ, ಕಾರ್ಡಿನ ಫ್ಯಾನು ಜೋರಾಗಿ ಕೂಗುತ್ತಿತ್ತು. ಕಂಪ್ಯೂಟರಿನ ಗುಂಡಿ ಒತ್ತಿ ಹಿಡಿದು ಆರಿಸಬೇಕು. ಒಂದು ವಾರ ಹೀಗೇ ಆಯಿತು. ಸಿಟ್ಟೂ ಬರಲಿಲ್ಲ. ಮಗಳು ಒತ್ತಾಯ ಮಾಡಿದ್ದಕ್ಕೆ ಆಟೋದಲ್ಲಿಟ್ಟುಕೊಂಡು ಸಿದ್ಧೇಶ್ವರ ಗುಡಿ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ.

ಅಂಗಡಿ ನಡೆಸುವವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು.

“ಯಾವಾಗ ಬಂದ್ ಆಗತೈತ್ರಿ ಕಾಕಾ?”

“ಸುಮ್ನ ಇಟ್ರ ಏನೂ ಆಗೂದಿಲ್ಲವ್ವಾ. ಲೋಡ್ ಬಿದ್ದ ಕೂಡ್ಲೆ ಕುಂದರತೈತಿ. ಘಾಟ್ ಏರುವಾಗ ಇಂಜಿನ್ ಬಂದ್ ಬಿದ್ದಂಗ.”

ಅವಳು ಮೊದಲು ಕಾರ್ಡಿಗೆ ಪೂರಾ ಭಾರ ಹಾಕುವ ಪರೀಕ್ಷೆ ಓಡಿಸಿದಳು. ಮೂರನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಅಲ್ಲಿಯವರೆಗೂ ಬಿಸಿ ಹೆಚ್ಚಾಗಿರಲಿಲ್ಲ. ಆರಿಸಿ, ವೈರ್ ಕಿತ್ತು, ತಗಡು ಬಿಚ್ಚಿ ಟಾರ್ಚ್ ಹಿಡಿದಳು.

“ಇದನ್ನ ಬಿಚ್ಚಿದವ್ರು ಯಾರ್ರಿ?”

“ನಾನವ್ವಾ.”

“ಕಾರ್ಡ್ ಕೆಳಗಿನ ಸ್ಲಾಟಿಗೆ ಹಾಕೀರಿ. ನೋಡಾಕ ಎರಡೂ ಒಂದ ಉದ್ದ ಅದಾವ. ಆದ್ರ ಮ್ಯಾಲಿಂದು ಹದಿನಾರು ಲೇನಿನ ರೋಡ್, ಪ್ರೊಸೆಸರಿಗೆ ನೇರ ಹೋಗತೈತಿ. ಈ ಬೋರ್ಡಿನಾಗ ಕೆಳಗಿಂದು ನಾಕ ಲೇನ್. ಎಳದಾಡಿದ್ದು ಅದಕ್ಕ.”

“ಬಂದ್ ಆಗಿದ್ದೂ ಅದಕ್ಕನಾ?”

“ಅಲ್ರಿ. ಅದು ಇದಕ್ಕ.” ಕಾರ್ಡಿಗೆ ಕರೆಂಟ್ ಕೊಡುವ ದಪ್ಪ ಕೇಬಲ್ಲಿನ ತುದಿ ತೋರಿಸಿದಳು. ಪ್ಲಗ್ಗಿನ ಕೊಂಡಿ ಕಚ್ಚಿಕೊಂಡಿರಲಿಲ್ಲ. ನಡುವೆ ಕೂದಲೆಳೆಯಷ್ಟು ಸಂದು. “ಅರ್ಧಾ ಕುಂತೈತಿ. ಸುಮ್ನಿದ್ದಾಗ ಕಾರ್ಡಿಗೆ ಕರೆಂಟ್ ಜಾಸ್ತಿ ಬೇಕಾಗಿಲ್ಲ, ನಡೀತೈತಿ. ಆಟ ಜೋರಾದ್ರ ಕರೆಂಟ್ ಭಾಳ ಜಗ್ಗತೈತಿ, ಅವಾಗ ಸಾಲೂದಿಲ್ಲ.”

ಪ್ಲಗ್ ಕಿತ್ತು ಪಿನ್ನುಗಳನ್ನು ನೋಡಿದಳು. ಸುಟ್ಟಿರಲಿಲ್ಲ. ಕಾರ್ಡನ್ನು ಮೇಲಿನ ಸ್ಲಾಟಿಗೆ ಕೂರಿಸಿ ಸ್ಕ್ರೂ ಬಿಗಿದಳು. ಆಮೇಲೆ ಪ್ಲಗ್ಗನ್ನು ನನ್ನ ಕೈಗೆ ಕೊಟ್ಟಳು.

“ನೀವ ಹಾಕ್ರಿ ಕಾಕಾ, ಮುಂದ ಬಿಚ್ಚಿದ್ರ ಗೊತ್ತಿರಲಿ. ಕೊಂಡಿ ಕಚ್ಚಿದ್ದು ಬೆರಳಿಗೇ ಗೊತ್ತಾಗತೈತಿ.”

ಒತ್ತಿದೆ. “ಆತು,” ಎಂದೆ.

“ಇನ್ನೂ ಆಗಿಲ್ರಿ. ಒತ್ರಿ.”

ಮತ್ತೆ ಒತ್ತಿದೆ. ಟಕ್ ಎಂಬ ಸಣ್ಣ ಸದ್ದು ಕೇಳಿಸಿತು. ಬೆರಳಿಗೆ ಏನೂ ತಿಳಿಯಲಿಲ್ಲ. ಪ್ಲಗ್ಗಿನ ಅಂಚಿನಲ್ಲಿ ಬೆರಳು ಆಡಿಸಿದೆ. ಅಲ್ಲಿ ಕೊಂಡಿ ಇರುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ. ಕಾಲು ಹೋದದ್ದು ನನಗೆ ಗೊತ್ತಿತ್ತು. ಕೈಯೂ ಹೋಗುತ್ತಿದೆ ಎಂಬುದು ಅಂದು ಆ ಬೆಂಚಿನ ಮುಂದೆ ತಿಳಿಯಿತು.

ಅವಳು ನನ್ನ ಮುಖ ನೋಡಿದಳು. “ಕೈ ಜುಂ ಅಂತಾವೇನ್ರಿ?”

“ಇಲ್ಲವ್ವಾ. ಏನೂ ಅನ್ನೂದಿಲ್ಲ.”

ಅವಳು ಅರ್ಧ ತಾಸು ಅದೇ ಪರೀಕ್ಷೆ ಓಡಿಸಿದಳು. ಕಾರ್ಡು ಹದಿನಾರು ಲೇನಿನಲ್ಲಿ ಓಡುತ್ತಿರುವುದನ್ನು ಪರದೆಯ ಮೇಲೆ ತೋರಿಸಿದಳು. ಒಮ್ಮೆಯೂ ನಿಲ್ಲಲಿಲ್ಲ. ಚಹಾ ತರಿಸಿದಳು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಅಂದು ಸಂಜೆ ಮಳೆಯಲ್ಲಿ, ದಟ್ಟಣೆಯಲ್ಲಿ ಎರಡು ತಾಸು ಲಾರಿ ಓಡಿಸಿದೆ. ಪರದೆ ಕಪ್ಪಾಗಲಿಲ್ಲ. ಮಗಳು ಫೋನ್ ಮಾಡಿ, “ಸರಿ ಆತೇನಪ್ಪಾ?” ಎಂದಳು. ಸರಿಯಾಯಿತೆಂದೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ: “ಬೆರಳಿಗೆ ಗೊತ್ತಾಗವಲ್ದು.”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನನಗ ಗೊತ್ತೈತಿ. ಅಂಗಿ ಗುಂಡಿ ಹಾಕ್ಕೊಳ್ಳಾಕ ಎಷ್ಟ ಹೊತ್ತ ಹಿಡೀತೈತಿ, ದಿನಾ ನೋಡಾಕತ್ತೇನಿ.”

“ಮತ್ತ ಹೇಳಲಿಲ್ಲ?”

“ನೀವಾದ್ರೂ ಯಾವಾಗ ಹೇಳೀರಿ?”

ಸೋಮವಾರ ಡಿಪೋಕ್ಕೆ ರಜೆ ಹಾಕಿ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಕಣ್ಣು ಮುಚ್ಚಿಸಿ, ಗೊತ್ತಾದರೆ ಹೌದೆನ್ನಬೇಕೆಂದು ಹೇಳಿ, ಬೆರಳುಗಳನ್ನು ಒಂದೊಂದಾಗಿ ಚುಚ್ಚುತ್ತಾ ಬಂದರು. ಹೆಬ್ಬೆರಳು ಹೌದು ಎಂದಿತು. ಉಳಿದವುಗಳಿಗೆ ನಾನು ಸುಮ್ಮನೇ ಕೂತಿದ್ದೆ.